ಝೂಮ್ ರೆಕಾರ್ಡಿಂಗ್ ಯಾರ ಹತ್ತಿರ ಉಳಿಯುತ್ತೆ ಅಂತ ಮೊದಲೇ ಕೇಳಿ

ನಾನು ಎರಡು ಗಂಟೆ ಮಾಡಿದ ಝೂಮ್ ಪಾಠದ ರೆಕಾರ್ಡಿಂಗ್ ಈಗ ಎಲ್ಲೂ ಇಲ್ಲ. ಪಾಠ ಏರ್ಪಡಿಸಿದ್ದು ಒಂದು ತರಬೇತಿ ಸಂಸ್ಥೆ. ಅವತ್ತು ಬರಲಾಗದವರಿಗೆ "ರೆಕಾರ್ಡಿಂಗ್ ಕಳಿಸುತ್ತೇವೆ" ಅಂತ ಅವರೇ ಹೇಳಿದ್ದರು. ನಿಮಗೆ ಹೀಗಾಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಮೀಟಿಂಗ್‌ನ ಹೋಸ್ಟ್ ಸಂಸ್ಥೆಯ ಸಂಯೋಜಕಿ. ಅವರ ಸಹೋದ್ಯೋಗಿಯೊಬ್ಬರು ಕೋ-ಹೋಸ್ಟ್. ಪಾಠ ಶುರುವಾದಾಗ ರೆಕಾರ್ಡ್ ಬಟನ್ ಒತ್ತಿದ್ದು ಆ ಸಹೋದ್ಯೋಗಿ. "Recording in progress" ಅನ್ನೋ ದನಿ ಎಲ್ಲರಿಗೂ ಕೇಳಿಸಿತು, ಎಲ್ಲರೂ ನಿಶ್ಚಿಂತೆಯಾದೆವು. ಆದರೆ ರೆಕಾರ್ಡಿಂಗ್ ಎಲ್ಲಿಗೆ ಹೋಗುತ್ತಿದೆ ಅಂತ ಆ ದನಿ ಹೇಳುವುದಿಲ್ಲ.

ದುಡ್ಡು ಕಟ್ಟಿದ ಖಾತೆಯಲ್ಲಿ ಆ ಬಟನ್ ಒತ್ತಿದರೆ ಎರಡು ಆಯ್ಕೆ ಬರುತ್ತವೆ: Record on this Computer ಮತ್ತು Record to the Cloud. ಕ್ಲೌಡ್ ಆರಿಸಿದರೆ ಬಟನ್ ಒತ್ತಿದ್ದು ಕೋ-ಹೋಸ್ಟ್ ಆದರೂ ಫೈಲು ಸೇರುವುದು ಹೋಸ್ಟ್ ಖಾತೆಗೆ. ಮೊದಲನೆಯದನ್ನು ಆರಿಸಿದರೆ ಹಾಗಲ್ಲ. ಅಲ್ಲಿ this Computer ಅಂದರೆ ಒತ್ತಿದವರ ಕಂಪ್ಯೂಟರ್. ಹೋಸ್ಟ್ ಖಾತೆಗೆ ಆ ವಿಡಿಯೊ ಬರುವುದೇ ಇಲ್ಲ.

ನಮ್ಮಲ್ಲಿ ಒತ್ತಿದ್ದು ಮೊದಲನೆಯದನ್ನು. ಸಂಯೋಜಕಿ ಮಾತ್ರ ಕ್ಲೌಡ್ ಅಂತಲೇ ತಿಳಿದು, ರೆಕಾರ್ಡಿಂಗ್ ಸಿದ್ಧವಾಗಿದೆ ಅನ್ನೋ ಮೇಲ್‌ಗಾಗಿ ಕಾಯುತ್ತಾ ಕೂತರು. ಕ್ಲೌಡ್ ರೆಕಾರ್ಡಿಂಗ್ ಸಿದ್ಧವಾಗಲು ಸಾಮಾನ್ಯವಾಗಿ ಮೀಟಿಂಗ್‌ನ ಎರಡರಷ್ಟು ಹೊತ್ತು ಬೇಕು. ಕೆಲವೊಮ್ಮೆ 24 ಗಂಟೆಯೂ ಆಗಬಹುದು. ಹಾಗಾಗಿ ಮೊದಲ ದಿನ ಯಾರಿಗೂ ಅನುಮಾನ ಬರಲಿಲ್ಲ. ಆಮೇಲೂ ಮೇಲ್ ಬರಲಿಲ್ಲ. ಅವರು zoom.us/recording ತೆರೆದು ನೋಡಿದರೆ ಕ್ಲೌಡ್ ಪಟ್ಟಿ ಖಾಲಿ.

ಕೊನೆಗೆ ಸಹೋದ್ಯೋಗಿಯನ್ನು ಕೇಳಿದಾಗ ನಿಜ ಗೊತ್ತಾಯಿತು. ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡುವಾಗ ಝೂಮ್ ನೇರವಾಗಿ ವಿಡಿಯೊ ಫೈಲು ಮಾಡುವುದಿಲ್ಲ. ವಿಂಡೋಸ್ ಇರಲಿ, ಮ್ಯಾಕ್ ಇರಲಿ, ಸೆಟ್ಟಿಂಗ್ ಬದಲಿಸದಿದ್ದರೆ Documents ಒಳಗಿನ Zoom ಫೋಲ್ಡರ್‌ನಲ್ಲಿ ಆ ಮೀಟಿಂಗ್‌ಗೆಂದು ಒಂದು ಫೋಲ್ಡರ್ ಆಗುತ್ತೆ. ದಿನಾಂಕ, ಸಮಯ, ಮೀಟಿಂಗ್ ಹೆಸರು ಅದರ ಮೇಲೆಯೇ ಇರುತ್ತವೆ. ಮೀಟಿಂಗ್ ನಡೆಯುವಷ್ಟು ಹೊತ್ತೂ ಅದರೊಳಗೆ ಇರುವುದು ಇಂಥ ಫೈಲು:

```
double_click_to_convert_01.zoom
```

ಇದು ಹಸಿ ಸರಕು. ಯಾವ ಪ್ಲೇಯರ್‌ನಲ್ಲೂ ಓಡುವುದಿಲ್ಲ. ಮೀಟಿಂಗ್ ಮುಗಿದ ಮೇಲೆ ಝೂಮ್ ಇದನ್ನು ವಿಡಿಯೊಗೆ MP4, ಬರೀ ಧ್ವನಿಗೆ M4A ಆಗಿ ಪರಿವರ್ತಿಸುತ್ತೆ. ಪರದೆ ಮೇಲೆ ಎಷ್ಟಾಯಿತು ಅಂತ ತೋರಿಸುವ ಒಂದು ಪಟ್ಟಿ ಬರುತ್ತೆ. ಉದ್ದದ ಮೀಟಿಂಗ್ ಆದರೆ, ಹಳೇ ಕಂಪ್ಯೂಟರ್ ಆದರೆ ಅದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತೆ. ಆ ಸಹೋದ್ಯೋಗಿ ಪಾಠ ಮುಗಿದ ಕೂಡಲೇ ಲ್ಯಾಪ್‌ಟಾಪ್ ಆಫ್ ಮಾಡಿ ಹೊರಟಿದ್ದರು. ಪರಿವರ್ತನೆ ಅರ್ಧಕ್ಕೇ ನಿಂತಿತು.

ಅಲ್ಲಿವರೆಗೂ ಏನೂ ಕೆಟ್ಟಿರಲಿಲ್ಲ. ಝೂಮ್ ಆ್ಯಪ್ ಇರುವ ಅದೇ ಕಂಪ್ಯೂಟರ್‌ನಲ್ಲಿ ಆ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದ್ದರೆ ಪರಿವರ್ತನೆ ಮತ್ತೆ ಶುರುವಾಗುತ್ತಿತ್ತು. ಮಾಡಬೇಕಾದ ಕೆಲಸವೇ ಫೈಲಿನ ಹೆಸರಾಗಿದೆ, ಅಲ್ವಾ? ಆದರೆ ಡಿಸ್ಕ್‌ನಲ್ಲಿ ಜಾಗ ಸಾಲದೆ ಅವರು ದೊಡ್ಡ ಫೈಲುಗಳನ್ನು ಅಳಿಸುತ್ತಿದ್ದರಂತೆ. ತೆರೆಯದ ಈ ಫೈಲನ್ನು ಕಸ ಅಂದುಕೊಂಡು ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದ್ದರು. ಬೇರೆ ಪ್ರತಿ ಎಲ್ಲೂ ಇರಲಿಲ್ಲ.

ಆ ಸಂಸ್ಥೆ ಮೇಲೆ ನನಗೆ ಸಿಟ್ಟಿರುವುದು ಒಂದೇ ಕಾರಣಕ್ಕೆ. ಯಾರು, ಎಲ್ಲಿ ರೆಕಾರ್ಡ್ ಮಾಡುತ್ತಾರೆ ಅಂತ ಮೊದಲೇ ಮಾತಾಡಿಕೊಂಡಿದ್ದರೆ ಸಾಕಿತ್ತು. ವಿದ್ಯಾರ್ಥಿಗಳಿಗೆ ಉತ್ತರ ಹೇಳಬೇಕಾಗಿ ಬಂದಿದ್ದು ನಾನು.

ಹಾಗಂತ ಕ್ಲೌಡ್ ಆದರೆ ಯಾವ ಚಿಂತೆಯೂ ಇಲ್ಲ ಅಂತಲ್ಲ. ಉಚಿತ ಖಾತೆಗೆ ಅದು ಸಿಗುವುದೇ ಇಲ್ಲ. ಫೋನ್‌ನಿಂದ ಮೀಟಿಂಗ್ ನಡೆಸುವವರಿಗೆ ಉಲ್ಟಾ: ಅಲ್ಲಿ ಕ್ಲೌಡ್ ಮಾತ್ರ ಇದೆ, ಫೋನ್‌ನೊಳಗೆ ರೆಕಾರ್ಡ್ ಆಗುವುದಿಲ್ಲ. ಅಂದರೆ ಉಚಿತ ಖಾತೆ ಇಟ್ಟುಕೊಂಡು ಫೋನ್‌ನಿಂದಲೇ ನಡೆಸಿದರೆ ಹೋಸ್ಟ್‌ಗೆ ಝೂಮ್‌ನಲ್ಲಿ ರೆಕಾರ್ಡಿಂಗ್ ಇಲ್ಲ. ಇನ್ನು ಕ್ಲೌಡ್‌ನಲ್ಲಿ ಅಳಿಸಿದ ಫೈಲು 30 ದಿನ ಟ್ರ್ಯಾಶ್‌ನಲ್ಲಿ ಇದ್ದು ಆಮೇಲೆ ಹೋಗುತ್ತೆ. ಇಂತಿಷ್ಟು ದಿನಕ್ಕೆ ತಾನಾಗಿಯೇ ಅಳಿಸುವಂತೆ ಖಾತೆ ನೋಡಿಕೊಳ್ಳುವವರು ಸೆಟ್ಟಿಂಗ್ ಇಟ್ಟಿರಬಹುದು, ಅದನ್ನೂ ಕೇಳಿಕೊಳ್ಳಿ.

ಈಗ ನಾನು ಪಾಠ ಶುರು ಮಾಡುವ ಮೊದಲು ಎಲ್ಲರೆದುರೇ ಕೇಳುತ್ತೇನೆ: "ರೆಕಾರ್ಡ್ ಒತ್ತುವವರು ಯಾರು? ಕ್ಲೌಡಾ, ಕಂಪ್ಯೂಟರಾ?" ಕಂಪ್ಯೂಟರ್ ಅಂದರೆ, ಮೀಟಿಂಗ್ ಮುಗಿದರೂ ಲ್ಯಾಪ್‌ಟಾಪ್ ಮುಚ್ಚಬೇಡಿ, ಚಾರ್ಜರ್ ಹಾಕಿಡಿ ಅಂತ ಹೇಳುತ್ತೇನೆ. ಪರಿವರ್ತನೆ ಮುಗಿದ ಮೇಲೆ MP4 ತೆರೆದು ಮೊದಲು, ನಡುವೆ, ಕೊನೆಗೆ ಸ್ವಲ್ಪ ಸ್ವಲ್ಪ ಓಡಿಸಿ ನೋಡಿ, ಅವತ್ತೇ ಇನ್ನೊಂದು ಕಡೆ ಪ್ರತಿ ಇಡಲು ಕೇಳುತ್ತೇನೆ. ನಿಮ್ಮ ಕಂಪ್ಯೂಟರ್‌ನಲ್ಲಿ ಈಗಲೂ .zoom ಅಂತ ಕೊನೆಯಾಗುವ ಫೈಲು ಕಂಡರೆ ದಯವಿಟ್ಟು ಅಳಿಸಬೇಡಿ. ಹೆಸರು ಬದಲಿಸದೆ, ಜಾಗ ಬದಲಿಸದೆ, ಅಲ್ಲೇ ಎರಡು ಸಲ ಕ್ಲಿಕ್ ಮಾಡಿ ನೋಡಿ.