ಸಿರಸಿಯಲ್ಲಿ ಬಂಗಾರ ಕೊಳ್ಳೋರೇ, 916 ನೋಡಿ ದುಡ್ಡು ಕೊಡಬೇಡಿ

ಇದನ್ನ ಬರೀಲಿಕ್ಕೂ ನಾಚಿಕೆ ಆಗ್ತಿದೆ, ಸಿಟ್ಟೂ ಇಳಿದಿಲ್ಲ. ತಂಗಿ ಮಗಳ ಮದುವೆಗೆ ಅಂತ ಅಡಿಕೆ ಮಾರಿದ ದುಡ್ಡಲ್ಲಿ 20 ಗ್ರಾಂ ಸರ ತಗೊಂಡೆ. ಅಂಗಡಿಯವರೇ ಭೂತಗನ್ನಡಿ ಕೊಟ್ಟು, "ನೋಡಿ ಅಕ್ಕಾ, 22K916" ಅಂತ ಕೊಂಡಿ ತೋರಿಸಿದ್ರು. ಪಕ್ಕದಲ್ಲೇ ಸರ್ಕಾರದ ಮಾನಕ ಸಂಸ್ಥೆ ಬಿಐಎಸ್‌ನ ತ್ರಿಕೋನದ ಗುರುತು, ಆರು ಅಕ್ಷರ-ಅಂಕಿಯ ಎಚ್‌ಯುಐಡಿ ನಂಬರು. ಮೂರೂ ಇದ್ದವು! ಇನ್ನೇನು ನೋಡ್ಬೇಕು ಹೇಳಿ?

ಮನೆಗೆ ಬಂದ ಮೇಲೆ ಅಳಿಯ ಮೊಬೈಲಲ್ಲಿ ಬಿಐಎಸ್‌ನವರದೇ BIS Care ಆಪ್ ತೆಗೆದು, Verify HUID ಅಂತ ಇರೋ ಕಡೆ ಆ ಆರೂ ಒತ್ತಿದ. ಬಂದದ್ದು ಏನು ಗೊತ್ತಾ? ಉಂಗುರ. 18K750. ನನ್ನ ಕೈಯಲ್ಲಿರೋದು ಸರ, ಅಲ್ಲಿ ತೋರಿಸ್ತಿರೋದು ಉಂಗುರ! ಒತ್ತಿದ್ದು ತಪ್ಪಿರಬಹುದು ಅಂತ ಮತ್ತೆ ಮತ್ತೆ ಒತ್ತಿಸಿದೆ. ಅದೇ ಉಂಗುರ. ಎಚ್‌ಯುಐಡಿ ಒಂದೊಂದು ಒಡವೆಗೆ ಒಂದೊಂದು, ಇನ್ನೊಂದಕ್ಕೆ ಬರೋ ಹಾಗೇ ಇಲ್ಲ. ಅಂದ್ರೆ ಯಾರದೋ ಉಂಗುರದ ನಂಬರು ನನ್ನ ಸರದ ಮೇಲೆ ಕೂತಿದೆ.

ಅಂಗಡಿಗೆ ಹೋದ್ರೆ ಮೊದಲು "ಸರ್ವರ್ ಸರಿ ಇಲ್ಲ ಅಕ್ಕಾ". ಆಮೇಲೆ "916 ಹೊಡೆದಿದೆಯಲ್ಲ, ಮತ್ತೆಂತಕ್ಕೆ ಅನುಮಾನ?" ಕೊನೆಗೆ ಪಕ್ಕದ ಗಿರಾಕಿಗಳಿಗೆ ಕೇಳೋ ಹಾಗೆ, "ಅಪ್ಪನ ಕಾಲದಿಂದ ಇದ್ದೇವೆ, ನಮಗೇ ಹೀಗೆ ಹೇಳ್ತೀರಾ?" ತಲೆ ತಗ್ಗಿಸಬೇಕಾದವರು ಅವರು, ನಿಂತಲ್ಲೇ ಮುಖ ಕೆಂಪಾದದ್ದು ನನಗೆ.

ಹುಬ್ಬಳ್ಳಿಯ ಹಾಲ್‌ಮಾರ್ಕ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದೆ. ನೂರಕ್ಕೆ 83 ಬಂತು. 916 ಅಂದ್ರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ, ಉಳಿದದ್ದು ತಾಮ್ರ-ಬೆಳ್ಳಿ. ಆ ಲೆಕ್ಕಕ್ಕೆ ನನ್ನ ಸರದಲ್ಲಿ 18.32 ಗ್ರಾಂ ಚಿನ್ನ ಇರಬೇಕಿತ್ತು, ಇದ್ದದ್ದು 16.6. ಒಂದೂವರೆ ಗ್ರಾಂಗಿಂತ ಹೆಚ್ಚು ಚಿನ್ನದ ದುಡ್ಡು ನುಂಗಿದ್ದಾರೆ! ಮಜೂರಿ ಮಾತ್ರ 22 ಕ್ಯಾರೆಟ್ ದರದ ಮೇಲೇ ಹಿಡಿದಿದ್ದು.

ವರದಿ ಇಟ್ಟಾಗ ಮಾತು ಬದಲಾಯ್ತು. "ಎಕ್ಸ್‌ಚೇಂಜ್ ಮಾಡ್ಕೊಡ್ತೇವೆ, ಮಜೂರಿ ಕಳೆದು." ನನ್ನದೇ ದುಡ್ಡಲ್ಲಿ ನನಗೇ ಕಳೆಯೋದಾ? ಬರೆದು ಕೊಡಿ ಅಂದೆ, ಕೊಡಲಿಲ್ಲ.

ಹಾಗಾಗಿ ಕೇಳಿ. 916 ಅಂತ ಯಾರು ಬೇಕಾದ್ರೂ ಹೊಡೀಬಹುದು, ತ್ರಿಕೋನವನ್ನೂ ಹೊಡೀಬಹುದು. ಎಚ್‌ಯುಐಡಿ ನಂಬರನ್ನ ಅಂಗಡಿಯಲ್ಲೇ, ದುಡ್ಡು ಕೊಡೋಕೆ ಮೊದಲೇ, ನಿಮ್ಮ ಮೊಬೈಲಲ್ಲೇ ಒತ್ತಿ ನೋಡಿ, ಅವರ ಮೊಬೈಲಲ್ಲಿ ಅಲ್ಲ. ಅಲ್ಲಿ ಬರೋ ಆಭರಣದ ಹೆಸರು, ಕ್ಯಾರೆಟ್ ಎರಡೂ ಕೈಯಲ್ಲಿರೋದಕ್ಕೆ ತಾಳೆ ಆಗ್ಬೇಕು. ಅಂಗಡಿ ಹೆಸರು ಬೇರೆ ಬಂದರೆ ಗಾಬರಿ ಬೇಡ, ಹಾಲ್‌ಮಾರ್ಕ್ ಮಾಡಿಸಿದವರು ಸಗಟು ವ್ಯಾಪಾರಿ ಇರಬಹುದು. ಆದ್ರೆ ಸರಕ್ಕೆ ಉಂಗುರ ಅಂತ ಬಂದ್ರೆ ಎದ್ದು ಬನ್ನಿ. ಬಿಲ್ಲಲ್ಲಿ ತೂಕ, ಕ್ಯಾರೆಟ್ ಬೇರೆ ಬೇರೆ ಬರೆಸಿ. ಹಾಲ್‌ಮಾರ್ಕ್ ಒಡವೆಯಲ್ಲಿ ಶುದ್ಧತೆ ಕಡಿಮೆ ಬಂದರೆ, ಕಡಿಮೆ ಬಿದ್ದದ್ದರ ಎರಡು ಪಟ್ಟು ಮತ್ತು ಪರೀಕ್ಷೆ ಖರ್ಚು ಕೊಡಬೇಕು ಅಂತ 2018ರ ಬಿಐಎಸ್ ನಿಯಮದಲ್ಲೇ ಇದೆ. ಅದೇ ಆಪ್‌ನಲ್ಲೇ ದೂರು ಹಾಕಿದ್ದೇನೆ, ಬಿಲ್ಲು ನನ್ನ ಹತ್ರವೇ ಇದೆ, ಸರವನ್ನೂ ವಾಪಸ್ ಕೊಟ್ಟಿಲ್ಲ.