ನಿಂಬೆನೀರು, ತುಪ್ಪದ ಹಾಲು, ನೆನೆಸಿದ ಮೆಂತ್ಯ: ಬೆಳಗಿನ ಹೊಟ್ಟೆಗೆ ಯಾವುದು?

ಮಲಬದ್ಧತೆಗೆಂದು ನಮ್ಮ ಮನೆಗಳಲ್ಲಿ ಹೇಳುವ ಬೆಳಗಿನ ಮದ್ದುಗಳಲ್ಲಿ ಮೂರನ್ನು ನಾನು ಒಂದಾದ ಮೇಲೊಂದರಂತೆ ಸಾಕಷ್ಟು ಕಾಲ ಬಳಸಿದ್ದೇನೆ. ಅವುಗಳಲ್ಲಿ ನನ್ನ ಅಡುಗೆಮನೆಯಲ್ಲಿ ಉಳಿದಿರುವುದು ರಾತ್ರಿ ನೆನೆಸಿ ಬೆಳಿಗ್ಗೆ ಕಾಳುಸಮೇತ ತಿನ್ನುವ ಮೆಂತ್ಯ. ಬಿಸಿನೀರಿಗೆ ನಿಂಬೆ ಹಿಂಡಿ ಕುಡಿಯುವುದನ್ನು ಸಂಪೂರ್ಣವಾಗಿ ಬಿಟ್ಟಿದ್ದೇನೆ.

ಬಿಡಲು ಕಾರಣ ಹೊಟ್ಟೆಯಲ್ಲ, ಹಲ್ಲು. ಎದ್ದ ಕೂಡಲೇ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ನಿಂಬೆ ಹಿಂಡಿ, ಪತ್ರಿಕೆ ಓದುತ್ತ ಗುಟುಕು ಗುಟುಕಾಗಿ ಕುಡಿದು, ಆಮೇಲೆ ಹಲ್ಲುಜ್ಜುವುದು ನನ್ನ ರೂಢಿಯಾಗಿತ್ತು. ಕೆಲವು ತಿಂಗಳಲ್ಲಿ ತಣ್ಣನೆಯ ಮೊಸರನ್ನ ಬಾಯಿಗಿಟ್ಟರೆ ಮುಂದಿನ ಹಲ್ಲುಗಳೆಲ್ಲ ಒಟ್ಟಿಗೆ ಜುಮ್ಮೆನ್ನತೊಡಗಿದವು. ಹುಳುಕು ಹಲ್ಲಾದರೆ ಸಾಮಾನ್ಯವಾಗಿ ಒಂದೇ ಕಡೆ ನೋಯುತ್ತದೆ. ಹೀಗೆ ಹಲವು ಹಲ್ಲುಗಳು ಜೊತೆಯಾಗಿ ಜುಮ್ಮೆನ್ನುವುದು, ಅವುಗಳ ತುದಿ ತೆಳುವಾಗಿ ಗಾಜಿನಂತೆ ಕಾಣುವುದು, ಬಣ್ಣ ಹಳದಿಗೆ ತಿರುಗುವುದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗುತ್ತಿರುವ ಗುರುತು ಎಂದು ದಂತವೈದ್ಯರು ಕನ್ನಡಿ ಹಿಡಿದು ತೋರಿಸಿದರು.

ಹುಳಿ ಹೆಚ್ಚಿದಷ್ಟೂ ಕೆಳಗಿಳಿಯುವ ಅಳತೆಯಾದ ಪಿಎಚ್ ನಿಂಬೆರಸದಲ್ಲಿ ಸುಮಾರು 2ರಿಂದ 3ರ ನಡುವೆ ಇರುತ್ತದೆ. ಎನಾಮಲ್ ಕರಗಲು ಸುಮಾರು 5.5ಕ್ಕಿಂತ ಕೆಳಗಿಳಿದರೆ ಸಾಕು. ಒಂದು ಲೋಟ ನೀರು ಬೆರೆಸಿದ ಮಾತ್ರಕ್ಕೆ ಪಿಎಚ್ ಆ ಮಟ್ಟವನ್ನು ದಾಟಿ ಮೇಲೇರುವುದಿಲ್ಲ. ನಿಧಾನವಾಗಿ ಗುಟುಕರಿಸಿದಷ್ಟೂ ಹಲ್ಲು ಹುಳಿಯಲ್ಲಿ ನೆನೆಯುವ ಹೊತ್ತು ಹೆಚ್ಚುತ್ತದೆ, ಮತ್ತು ಕುಡಿದ ತಕ್ಷಣ ಬ್ರಷ್ ಹಿಡಿದರೆ ಮೆತ್ತಗಾದ ಮೇಲ್ಪದರ ಉಜ್ಜಿಯೇ ಹೋಗುತ್ತದೆ. ನಿಂಬೆನೀರನ್ನು ಬಿಡಲಾಗದವರು ಮೊದಲೇ ಹಲ್ಲುಜ್ಜಿ, ಒಮ್ಮೆಲೇ ಕುಡಿದು ಮುಗಿಸಿ, ಬರಿಯ ನೀರಿನಿಂದ ಬಾಯಿ ಮುಕ್ಕಳಿಸಬೇಕು. ಕುಡಿದ ಮೇಲೆಯೇ ಉಜ್ಜುವುದಾದರೆ ಅರ್ಧ ಗಂಟೆಯಿಂದ ಒಂದು ಗಂಟೆ ಕಾಯಬೇಕು. ಒಮ್ಮೆ ಹೋದ ಎನಾಮಲ್ ಮತ್ತೆ ಬೆಳೆಯುವುದಿಲ್ಲ.

ಇಷ್ಟಕ್ಕೆ ಪ್ರತಿಯಾಗಿ ನಿಂಬೆ ಕೊಡುವುದು ಸ್ವಲ್ಪ ಸಿ ಜೀವಸತ್ವ ಮತ್ತು ರುಚಿ. ಅದು ಕೊಬ್ಬನ್ನು ಕರಗಿಸುವುದಿಲ್ಲ, ರಕ್ತದ ಆಮ್ಲೀಯತೆಯನ್ನೂ ಬದಲಿಸುವುದಿಲ್ಲ. ಬೆಳಿಗ್ಗೆ ಹೊಟ್ಟೆ ಹಗುರವಾದರೆ ಅದರಲ್ಲಿ ಹೆಚ್ಚಿನ ಪಾಲು ಬೆಚ್ಚನೆಯ ನೀರಿನದು. ನಿಂಬೆಯನ್ನು ಬಿಟ್ಟು ಅದೇ ಲೋಟ ನೀರನ್ನು ಕುಡಿದಾಗ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ತುಪ್ಪ ಹಾಕಿದ ಹಾಲಿನ ಬಗ್ಗೆ ನನಗೆ ಗೌರವವಿದೆ, ಏಕೆಂದರೆ ಅದು ಕೆಲಸ ಮಾಡುತ್ತದೆ. ಆದರೆ ಹೇಳುವ ಕಾರಣ ಬೇರೆ, ನಿಜವಾದ ಕಾರಣ ಬೇರೆ. ಒಂದು ಚಮಚ ತುಪ್ಪ ಕರುಳನ್ನು ಜಾರಿಸುತ್ತದೆ ಎನ್ನುತ್ತಾರೆ, ಆದರೆ ಅಷ್ಟು ತುಪ್ಪ ಸಣ್ಣಕರುಳಿನಲ್ಲಿಯೇ ಬಹುತೇಕ ಜೀರ್ಣವಾಗಿ ಹೀರಿಕೆಯಾಗುವುದರಿಂದ ದೊಡ್ಡಕರುಳಿನವರೆಗೆ ತಲುಪುವುದೇ ಇಲ್ಲ. ಬೆಚ್ಚನೆಯ, ಜಿಡ್ಡಿರುವ ಆಹಾರ ಖಾಲಿ ಹೊಟ್ಟೆಗೆ ಬಿದ್ದಾಗ ದೊಡ್ಡಕರುಳು ತಾನಾಗಿ ಚಲಿಸತೊಡಗುತ್ತದೆ, ಫಲ ಅದರದು. ಹಾಲಿನ ಸಕ್ಕರೆ ಅರಗದವರಿಗೂ ಬೇಗ ಹೊರಗೆ ಹೋಗುತ್ತದೆ, ಆದರೆ ಗುಡುಗುಡು ಸದ್ದು, ಹೊಟ್ಟೆಯುಬ್ಬರ, ನೀರುಭೇದಿ ಜೊತೆಗೇ ಬರುತ್ತವೆ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಸುಮಾರು 130 ಕ್ಯಾಲೊರಿ ಇದೆ, ಅದರ ಅರ್ಧಕ್ಕಿಂತ ಹೆಚ್ಚು ಕೊಬ್ಬು ಸ್ಯಾಚುರೇಟೆಡ್. ಗದ್ದೆಯಲ್ಲಿ ದುಡಿಯುವವರಿಗೆ ಇದು ಹೊರೆಯಲ್ಲ. ದಿನವಿಡೀ ಕುರ್ಚಿಯಲ್ಲಿ ಕೂರುವ, ಕೊಲೆಸ್ಟ್ರಾಲ್ ಹೆಚ್ಚಿರುವ ನನ್ನಂಥವರು ಮಾತ್ರ ಮಧ್ಯಾಹ್ನದ ಊಟದಲ್ಲಿ ಇದರ ಲೆಕ್ಕ ಸರಿದೂಗಿಸಬೇಕಾಗುತ್ತದೆ.



ಮೆಂತ್ಯದ ಗುಣವಿರುವುದು ನೆನೆದಾಗ ಬಿಡುವ ಲೋಳೆಯಲ್ಲಿ. ಈ ನಾರಿನಂಶ ನೀರನ್ನು ಹಿಡಿದುಕೊಂಡು ಮಲವನ್ನು ಮೆತ್ತಗೆ ಇಡುತ್ತದೆ. ಅನೇಕರು ನೀರನ್ನು ಮಾತ್ರ ಕುಡಿದು ಕಾಳನ್ನು ಚೆಲ್ಲುತ್ತಾರೆ. ನಾರಿನ ಬಹುಪಾಲು ಕಾಳಿನಲ್ಲಿಯೇ ಉಳಿದು ಹೋಗುತ್ತದೆ. ನಾನು ಒಂದು ಸಣ್ಣ ಚಮಚ ಕಾಳನ್ನು ತೊಳೆದು, ಅರ್ಧ ಲೋಟ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಕಾಳನ್ನು ಅಗಿದು ಆ ನೀರನ್ನೂ ಕುಡಿದು, ಮೇಲೆ ಒಂದು ಲೋಟ ಬೆಚ್ಚನೆಯ ನೀರು ಸೇವಿಸುತ್ತೇನೆ. ಈ ಕೊನೆಯ ಲೋಟವನ್ನು ಬಿಟ್ಟರೆ ಫಲ ಕಡಿಮೆ. ಮೊದಮೊದಲು ವಾಯು ಹೆಚ್ಚುತ್ತದೆ, ಆದ್ದರಿಂದ ಅರ್ಧ ಚಮಚದಿಂದ ಆರಂಭಿಸಬೇಕು. ಕಡು ಬೇಸಿಗೆಯಲ್ಲಿ ನೀರು ಹುಳಿ ವಾಸನೆ ಹೊಡೆದರೆ ಚೆಲ್ಲಬೇಕು. ಇದರ ಫಲ ತುಪ್ಪದ ಹಾಲಿನಂತೆ ಅರ್ಧ ಗಂಟೆಯಲ್ಲಿ ಕಾಣುವುದಿಲ್ಲ, ಕೆಲವು ದಿನ ಬೇಕು. ಕಹಿಯನ್ನು ಸಹಿಸದವರಿಗೆ ಇದು ಒಗ್ಗುವುದೂ ಇಲ್ಲ.

ಲೀಟರಿಗೆ 600 ರೂಪಾಯಿ ದಾಟಿದ ತುಪ್ಪವನ್ನೂ ಬೇಸಿಗೆಯಲ್ಲಿ ದುಬಾರಿಯಾಗುವ ನಿಂಬೆಯನ್ನೂ ದಿನಾ ಹೊಂದಿಸುವುದಕ್ಕಿಂತ ಸಾಂಬಾರಿನ ಡಬ್ಬಿಯಲ್ಲೇ ಇರುವ ಮೆಂತ್ಯ ನನ್ನ ಜೇಬಿಗೂ ಅಭ್ಯಾಸಕ್ಕೂ ಸರಿಹೊಂದುತ್ತದೆ. ಮಧುಮೇಹದ ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುವವರು ದಿನನಿತ್ಯ ಮೆಂತ್ಯ ಆರಂಭಿಸುವ ಮೊದಲು ವೈದ್ಯರಿಗೆ ತಿಳಿಸಬೇಕು. ಮಲದಲ್ಲಿ ರಕ್ತ ಕಂಡರೆ, ಇಲ್ಲವೇ ತೂಕ ಇಳಿಯುತ್ತ ಹೊಸದಾಗಿ ಮಲಬದ್ಧತೆ ಬಂದರೆ, ಈ ಮೂರರಲ್ಲಿ ಯಾವುದನ್ನೂ ಹಿಡಿದು ಕೂರದೆ ಪರೀಕ್ಷೆ ಮಾಡಿಸಿಕೊಳ್ಳಬೇಕು.