ಐದು ಗಂಟೆಯ ಮದುವೆ, ಆರು ನಿಮಿಷದ ಹೈಲೈಟ್: ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿ

ನೆಂಟರ ಮದುವೆ ವಿಡಿಯೋಗಳನ್ನು ಕತ್ತರಿಸಿ ಜೋಡಿಸಲು ವರ್ಷಗಳಿಂದ ಡಾವಿಂಚಿ ರಿಸಾಲ್ವ್ ಎಂಬ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯನ್ನೇ ಬಳಸುತ್ತಿದ್ದೇನೆ. ಬಣ್ಣ ತಿದ್ದುವುದಕ್ಕೆ ರಿಸಾಲ್ವ್ ಹೆಸರುವಾಸಿ. ನನಗೆ ಮಾತ್ರ ವಿಡಿಯೋದಲ್ಲಿ ಬೇಕಾದ ಜಾಗಕ್ಕೆ ಗುರುತು ಹಾಕುವ ಇದರ ಮಾರ್ಕರ್‌ಗಳೇ ಜಾಸ್ತಿ ಉಪಯೋಗಕ್ಕೆ ಬಂದಿವೆ.

ಹೋದ ವರ್ಷ ಹಾಸನದ ಒಂದು ಮದುವೆ. ಹಿಂದಿನ ಸಂಜೆ ಆರತಕ್ಷತೆ, ಬೆಳಿಗ್ಗೆ ಮುಹೂರ್ತ. ನಡೆದ ಹಾಗೇ ಜೋಡಿಸಿದರೆ ಗಂಡು ಹೆಣ್ಣು ಮೊದಲ ನಿಮಿಷದಲ್ಲೇ ಜೊತೆಯಾಗಿ ನಿಂತು ಉಡುಗೊರೆ ತಗೊಳ್ಳುತ್ತಿರುತ್ತಾರೆ. ಆಮೇಲೆ ಅಂತರಪಟ ಸರಿದರೂ ನೋಡುವವರಿಗೆ ಏನೂ ಅನ್ನಿಸುವುದಿಲ್ಲ, ಅಲ್ವಾ? ಅದಕ್ಕೇ ಆರತಕ್ಷತೆಯನ್ನು ಕೊನೆಗೆ ಹಾಕಿದೆ. ಪಟ ಸರಿಯುವ ತನಕ ಇಬ್ಬರೂ ಒಂದೇ ಫ್ರೇಮಿನಲ್ಲಿ ಕಾಣದ ಹಾಗೆ ನೋಡಿಕೊಂಡೆ. ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಟ ಗಂಡು, ಗೌರಿಪೂಜೆಗೆ ಕೂತ ಹೆಣ್ಣು, ಹೀಗೆ ಒಮ್ಮೆ ಅವನು, ಒಮ್ಮೆ ಅವಳು. ಜೀರಿಗೆ ಬೆಲ್ಲ ತಲೆ ಮೇಲೆ ಬಿದ್ದಾಗಲೇ ಮೊದಲ ಜೋಡಿ ಶಾಟ್. ಅಲ್ಲಿಂದ ಧಾರೆ, ಮಾಂಗಲ್ಯ, ಸಪ್ತಪದಿ ಎಲ್ಲ ನಡೆದ ಕ್ರಮದಲ್ಲೇ ಇವೆ. ಶಾಸ್ತ್ರ ಹಿಂದುಮುಂದಾದರೆ ಮನೆಯ ಹಿರಿಯರು ಬಿಡುತ್ತಾರೆಯೇ?

ಈ ಹೆಣಿಗೆಗೆ ಮಾರ್ಕರ್ ಬೇಕು. ಪೂರ್ತಿ ರೆಕಾರ್ಡಿಂಗನ್ನು ಒಂದು ಟೈಮ್‌ಲೈನಿಗೆ ಹಾಕಿ, ನೋಡುತ್ತಾ M ಒತ್ತುತ್ತೇನೆ. ಆಮೇಲೆ ಗಂಡಿನ ಶಾಟ್‌ಗೆ ನೀಲಿ, ಹೆಣ್ಣಿನದಕ್ಕೆ ಕೆಂಪು, ಒಳ್ಳೆಯ ದನಿ ಸಿಕ್ಕ ಕಡೆ ಹಸಿರು. Edit Index ತೆರೆದು ಒಂದೇ ಬಣ್ಣದವನ್ನು ಉಳಿಸಿಕೊಂಡರೆ ಐದು ಗಂಟೆಯೂ ಒಂದು ಪಟ್ಟಿಯಾಗಿ ಎದುರಿಗೆ ಬರುತ್ತದೆ. ಅದರಿಂದ ಬೇಕಾದ ತುಂಡುಗಳನ್ನು ಇನ್ನೊಂದು ಟೈಮ್‌ಲೈನಿಗೆ ನಕಲು ಮಾಡುತ್ತೇನೆ. ಮೊದಲನೆಯದನ್ನು ಮುಟ್ಟುವುದಿಲ್ಲ.

ತಾಳಿ ಕಟ್ಟುವಾಗಿನ ಗಟ್ಟಿಮೇಳದ ದನಿಯನ್ನು ಕತ್ತರಿಸಲೇಬೇಡಿ. ಚಿತ್ರ ಮತ್ತು ದನಿಯ ಲಿಂಕ್ ತೆಗೆದು, ಸುಮಾರು 30 ಸೆಕೆಂಡಿನ ವಾಲಗವನ್ನು ಒಂದೇ ತುಂಡಾಗಿ ಕೆಳಗೆ ಹಾಸಿ. ಮೇಲೆ ತಾಳಿ, ಅಕ್ಷತೆ, ತಾಯಿಯ ಮುಖ ಬದಲಾಗುತ್ತಾ ಹೋಗಲಿ. ಡೋಲು ಬಡಿಯುವ ಕೈ ಕಾಣುವ ಶಾಟ್ ಬೇರೆ ಕಡೆಯಿಂದ ತಂದಿದ್ದರೆ ಪೆಟ್ಟಿಗೂ ಸದ್ದಿಗೂ ತಾಳೆಯಾಗುವುದಿಲ್ಲ. ಕಣ್ಣು ಮುಚ್ಚಿ ಒಮ್ಮೆ ಕೇಳಿದರೆ ದನಿ ಎಲ್ಲಿ ಎಗರಿದೆ ಅಂತ ತಿಳಿಯುತ್ತದೆ.

ಇನ್ನು ತಕರಾರುಗಳು. ಕ್ಲಿಪ್ ಹಾಕುವ ಮೊದಲೇ ಪ್ರಾಜೆಕ್ಟಿನ ಫ್ರೇಮ್ ರೇಟ್ ಸರಿಪಡಿಸಿಕೊಳ್ಳಿ, ಆಮೇಲೆ ಬದಲಿಸಲು ಬಿಡುವುದಿಲ್ಲ. ಮೊಬೈಲ್ ಕ್ಲಿಪ್‌ಗಳ ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ, ಹಾಗಾಗಿ ಉದ್ದನೆಯ ಮಂತ್ರದಲ್ಲಿ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗಬಹುದು. ಅವನ್ನು ಮೊದಲೇ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿಕೊಂಡು ತರುತ್ತೇನೆ. ಕತ್ತಲೆ ಛತ್ರದ ಕಾಳುಕಾಳು ಚಿತ್ರ ತಿದ್ದುವ ನಾಯ್ಸ್ ರಿಡಕ್ಷನ್ ಉಚಿತ ಆವೃತ್ತಿಯಲ್ಲಿ ಬಳಸಲು ಬರುವುದಿಲ್ಲ, ಹಾಕಿದರೆ ವಾಟರ್‌ಮಾರ್ಕ್ ಬೀಳುತ್ತದೆ. 8 ಜಿಬಿ ಲ್ಯಾಪ್‌ಟಾಪಿನಲ್ಲಿ 4ಕೆ ವಿಡಿಯೋ ತಡವರಿಸುತ್ತದೆ, ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ನಕಲು, ಅಂದರೆ ಪ್ರಾಕ್ಸಿ, ಮಾಡಿಕೊಳ್ಳದೆ ಗತಿಯಿಲ್ಲ. ಬರೀ ಸ್ಟೇಟಸ್‌ಗೆ ಅರ್ಧ ನಿಮಿಷದ ತುಣುಕು ಸಾಕು ಅನ್ನುವವರು ಸುಮ್ನೆ ಮೊಬೈಲ್ ಆ್ಯಪಿನಲ್ಲೇ ಮುಗಿಸಿ.